ಆಡಿದ್ದನ್ನು ಆಡಿದ ಹಾಗೇ ಬರೆಯುವುದು

ಕೇಳುಗರಿಗೆ ನಮಸ್ಕಾರ.

ಫೋನಿನ ಮುಂದೆ ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರವಾಗಿ ಮೂಡುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಯಂತ್ರ ಇದನ್ನು ಕಲಿಯುವುದು ಜನರ ದನಿಯಿಂದಲೇ. ಸಾವಿರಾರು ಮಂದಿ ಆಡಿದ ಮಾತಿನ ಸಣ್ಣ ಸಣ್ಣ ತುಣುಕುಗಳು, ಒಂದೊಂದು ತುಣುಕಿನ ಜೊತೆಗೂ ಅದರಲ್ಲಿ ಏನು ಹೇಳಿದ್ದಾರೆ ಎಂದು ಯಾರೋ ಕೂತು ಕೇಳಿ ಬರೆದ ಒಂದು ಸಾಲು. ಈ ಸಂಗ್ರಹವನ್ನು ಕಟ್ಟುವ ಕೆಲಸದ ಬಗ್ಗೆ, ಅದರಲ್ಲೂ ಆ ಸಾಲು ಬರೆಯುವ ಕೆಲಸದ ಬಗ್ಗೆ ಇವತ್ತು ಮಾತಾಡುತ್ತೇನೆ.

ಈ ಕೆಲಸಕ್ಕೂ ಬಾನುಲಿಗೂ ನಂಟಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಆಕಾಶವಾಣಿಯ ವಾರ್ತೆಗಳ ಧ್ವನಿಯನ್ನೂ ಅವುಗಳ ಬರಹವನ್ನೂ ಜೋಡಿಸಿ 'ಶ್ರುತಿಲಿಪಿ' ಎಂಬ ಸಂಗ್ರಹ ಮಾಡಿತು. 12 ಭಾಷೆಗಳ 6,400 ಗಂಟೆಗೂ ಮೀರಿದ ಧ್ವನಿ ಅದರಲ್ಲಿದೆ, ಕನ್ನಡವೂ ಇದೆ. ಇದು ದೊಡ್ಡ ಆಸ್ತಿ. ಆದರೆ ವಾರ್ತೆ ಓದುವವರದು ತಿದ್ದಿ ತೀಡಿದ ಕನ್ನಡ, ಸದ್ದಿಲ್ಲದ ಕೋಣೆಯಲ್ಲಿ ಓದಿದ ಕನ್ನಡ. ಅದನ್ನೇ ಕೇಳಿ ಬೆಳೆದ ಯಂತ್ರಕ್ಕೆ ಮಳವಳ್ಳಿಯ ಸಂತೆಯ ಮಾತಾಗಲಿ, ಗದಗಿನ ಬಸ್ ನಿಲ್ದಾಣದ ಮಾತಾಗಲಿ ಕಿವಿಗೆ ಹತ್ತುವುದಿಲ್ಲ. ಹಾಗಾಗಿ ಜನರಿರುವಲ್ಲಿಗೇ ಹೋಗಬೇಕು. ಕೈಗೆ ವಾಕ್ಯ ಕೊಟ್ಟು ಓದಿ ಎಂದರೆ ಯಾರೇ ಆದರೂ ಪಾಠ ಒಪ್ಪಿಸುವ ದನಿಗೆ ಬಂದುಬಿಡುತ್ತಾರೆ. ಓದಲು ಬಾರದವರಂತೂ ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯಲ್ಲಿ ಚಿತ್ರ ತೋರಿಸಿ, ಇದರಲ್ಲಿ ಏನು ಕಾಣುತ್ತದೆ ಹೇಳಿ ಎಂದು ಕೇಳುತ್ತಾರೆ. ಆಗ ಬರುವುದು ಅವರ ಸ್ವಂತ ಮಾತು.

ಒಂದು ಉದಾಹರಣೆ ನೋಡೋಣ. ಮಂಡ್ಯದ ಕಡೆಯ ಒಬ್ಬ ಅಜ್ಜಿಗೆ ಸಂತೆಯ ಚಿತ್ರ ತೋರಿಸಿದ್ದಾರೆ ಎಂದುಕೊಳ್ಳಿ. ಅಜ್ಜಿ ಹೇಳುತ್ತಾರೆ: "ಅಲ್ಲೊಬ್ಳು ಎಂಗ್ಸು ಊವ ಮಾರ್ತಾವ್ಳೆ." ಇದನ್ನು ಕೇಳಿ ಬರೆಯಲು ಕೂತವರು ಚೆನ್ನಾಗಿ ಓದಿದವರು. ಅವರ ಕೈ ತಾನಾಗಿಯೇ ಹೀಗೆ ಬರೆಯುತ್ತದೆ: "ಅಲ್ಲಿ ಒಬ್ಬಳು ಹೆಂಗಸು ಹೂವು ಮಾರುತ್ತಿದ್ದಾಳೆ." ಅರ್ಥ ಕೆಟ್ಟಿಲ್ಲ, ಬರೆದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವೂ ಇಲ್ಲ. ಆದರೆ ಅಜ್ಜಿ ಆಡಿದ ಒಂದು ಪದವೂ ಆ ಸಾಲಿನಲ್ಲಿ ಉಳಿದಿಲ್ಲ.

ಇದರ ಪೆಟ್ಟು ಬೀಳುವುದು ಯಂತ್ರವನ್ನು ಪರೀಕ್ಷೆ ಮಾಡುವಾಗ. ಯಂತ್ರ ಬರೆದದ್ದನ್ನು ನಾವು ಬರೆದಿಟ್ಟ ಸಾಲಿನ ಜೊತೆ ಪದಕ್ಕೆ ಪದ ಹೋಲಿಸಿ ತಪ್ಪು ಎಣಿಸುತ್ತಾರೆ. ಈಗ ಒಂದು ಯಂತ್ರ ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಕೇಳಿಸಿಕೊಂಡು ಬರೆಯಿತು ಅಂತಿಟ್ಟುಕೊಳ್ಳಿ. ನಮ್ಮ ಸಾಲಿನಲ್ಲಿ 5 ಪದ, ಅದರ ಸಾಲಿನಲ್ಲಿ 4. ನಾಲ್ಕೂ ಬೇರೆ, ಒಂದು ಕಾಣೆ. ಐದಕ್ಕೆ ಐದೂ ತಪ್ಪು! ಸರಿಯಾಗಿ ಕೇಳಿದ್ದಕ್ಕೆ ಪೂರ್ತಿ ಸೊನ್ನೆ. ಇದೇ ಚಿತ್ರಕ್ಕೆ ಧಾರವಾಡದ ಕಡೆಯವರು "ಅಲ್ಲೊಬ್ಬಾಕಿ ಹೂ ಮಾರಾಕತ್ತಾಳ" ಅಂದರೂ ಇದೇ ಗತಿ.

ಗ್ರಂಥಸ್ಥ ರೂಪವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅರ್ಜಿ ಬರೆಸುವವರಿಗೆ ಅದೇ ಬೇಕು. ಗೊಂದಲವಾಗುವುದು ಒಬ್ಬರು ತಿದ್ದಿ ಬರೆದು, ಇನ್ನೊಬ್ಬರು ಕೇಳಿದಂತೆ ಬರೆದು, ಎರಡೂ ಒಂದೇ ಕಡತದಲ್ಲಿ ಕಲೆತಾಗ. ಅದಕ್ಕೆ ಉಪಾಯ, ಪ್ರತಿ ತುಣುಕಿಗೂ ಎರಡು ಸಾಲು: ಒಂದು ಕಿವಿಗೆ ಬಿದ್ದ ಹಾಗೆ, ಇನ್ನೊಂದು ಗ್ರಂಥಸ್ಥವಾಗಿ. ಕೂಲಿ ಹೆಚ್ಚಾಗುತ್ತದೆ, ನಿಜ. ಹಣ ಕಡಿಮೆಯಿದ್ದರೆ ಮೊದಲ ಸಾಲನ್ನು ಬರೆಸಿ ಎನ್ನುತ್ತೇನೆ. ಎರಡನೆಯದನ್ನು ಮೊದಲನೆಯದರಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ತಿದ್ದಿದ ಸಾಲಿನಿಂದ ಅಜ್ಜಿಯ ಮಾತು ಬೇಕೆಂದರೆ ಧ್ವನಿಯನ್ನು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ.

ಕಿವಿಗೆ ಬಿದ್ದ ಹಾಗೆ ಬರೆಯುವುದೂ ಸುಲಭವಲ್ಲ. "ಮಾರ್ತಾವ್ಳೆ" ಎಂದು ಕೂಡಿಸಿ ಬರೆಯಬೇಕೋ, "ಮಾರ್ತಾ ಅವ್ಳೆ" ಎಂದು ಬಿಡಿಸಿಯೋ? ಎರಡೂ ಸರಿಯೇ, ಆದರೆ ಪದ ಎಣಿಸುವ ಯಂತ್ರಕ್ಕೆ ಎರಡೂ ಬೇರೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಒಂದು ನಿಯಮದ ಪುಸ್ತಕ ಬೇಕು. ಅದೇ ಸೀಮೆಯ ಇಬ್ಬರಿಗೆ ಅದೇ ತುಣುಕುಗಳನ್ನು ಬೇರೆ ಬೇರೆಯಾಗಿ ಕೊಟ್ಟು ಬರೆಸಿ, ಎಲ್ಲಿ ಹೊಂದುವುದಿಲ್ಲ ನೋಡಿ, ಅಲ್ಲಲ್ಲಿ ಒಂದೊಂದು ನಿಯಮ ಸೇರಿಸುತ್ತಾ ಹೋಗಬೇಕು. ಮಂಡ್ಯದ ಮಾತನ್ನು ಮಂಡ್ಯದ ಕಿವಿಯೇ ಕೇಳಬೇಕು.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ಯಾರೋ "ಊವ" ಎಂದೇ ಮಾತು ಶುರು ಮಾಡಿದ್ದಾರೆ ಎನ್ನಿ. ಅವರು ನಿಜವಾಗಿ ಹಕಾರ ಬಿಟ್ಟರೋ, ಇಲ್ಲಾ ರೆಕಾರ್ಡ್ ಗುಂಡಿ ಒತ್ತುವುದು ತಡವಾಗಿ ಹಕಾರ ಕತ್ತರಿಸಿ ಹೋಯಿತೋ? ಬರೀ ಕಿವಿಯಿಂದ ಹೇಳಲಾಗದು. ಧ್ವನಿಯ ಅಲೆಯನ್ನು ಪರದೆಯ ಮೇಲೆ ನೋಡಿದರೆ ಗೊತ್ತಾಗುತ್ತದೆ. ಮಾತಿಗೆ ಮುಂಚೆ ಒಂದಿಷ್ಟು ಮೌನವಿದ್ದರೆ ಅದು ಆಡಿದವರದೇ ಉಚ್ಚಾರ. ಮೌನವೇ ಇಲ್ಲದೆ ಅಲೆ ಮೊದಲ ಕ್ಷಣದಲ್ಲೇ ಎದ್ದು ನಿಂತಿದ್ದರೆ ತುಣುಕು ಕತ್ತರಿಸಿದೆ, ಅದನ್ನು ಕೈಬಿಡಬೇಕು. ಗುಂಡಿ ಒತ್ತಿ, ಅರ್ಧ ಸೆಕೆಂಡು ತಡೆದು ಮಾತಾಡಿ ಎಂದು ಮೊದಲೇ ಹೇಳುವುದು ಇದಕ್ಕೇ.

ಬರೆದಾದ ಮೇಲೆ ತುಣುಕುಗಳನ್ನು ಎರಡು ಭಾಗ ಮಾಡುತ್ತಾರೆ: ಕಲಿಸಲು ಕೆಲವು, ಪರೀಕ್ಷೆಗೆ ಕೆಲವು. ಅಜ್ಜಿಯ ಅರ್ಧ ತುಣುಕು ಇಲ್ಲಿ, ಅರ್ಧ ಅಲ್ಲಿ ಹೋಗಕೂಡದು. ಹೋದರೆ ಯಂತ್ರ ಆಗಲೇ ಪರಿಚಯವಾದ ದನಿಯ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆಯುತ್ತದೆ, ಹೊಸಬರು ಮಾತಾಡಿದಾಗ ತಡವರಿಸುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಧ್ವನಿಯ ಜೊತೆ ಹೋಗುವುದು ಆ ಸಂಖ್ಯೆ, ವಯಸ್ಸಿನ ಅಂದಾಜು, ಹೆಣ್ಣೋ ಗಂಡೋ, ಜಿಲ್ಲೆ, ಇಷ್ಟೇ. ಹೆಸರು ಮತ್ತು ಫೋನ್ ನಂಬರ್ ಇರುವ ಪಟ್ಟಿ ಬೇರೆ ಕಡೆ ಬೀಗದೊಳಗಿರಬೇಕು. ಆದರೂ ಚಿತ್ರ ನೋಡುತ್ತಾ ಅಜ್ಜಿ ತಮ್ಮ ಮಗನ ಹೆಸರನ್ನೋ, ಪಕ್ಕದ ಮನೆಯವರ ಸಾಲದ ವಿಷಯವನ್ನೋ ಹೇಳಿಬಿಡುತ್ತಾರೆ. ಪಕ್ಕದ ಮನೆಯವರು ನಮಗೆ ಒಪ್ಪಿಗೆ ಕೊಟ್ಟಿಲ್ಲವಲ್ಲ! ಬರೆಯುವವರು ಅಂಥ ಜಾಗ ಗುರುತು ಮಾಡಬೇಕು, ಧ್ವನಿಯಲ್ಲೂ ಬರಹದಲ್ಲೂ ಅದನ್ನು ತೆಗೆಯಬೇಕು.

ಒಪ್ಪಿಗೆಯ ಮಾತು ಬಂತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಪಡೆಯಲು ಅವಕಾಶವಿರಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂಪಡೆಯಲೂ ಆಗಬೇಕು. 18 ವರ್ಷ ತುಂಬದವರಿಗೆ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು. ಓದಲು ಬಾರದ ಅಜ್ಜಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಿ, ಅವರ ಒಪ್ಪಿಗೆಯನ್ನೂ ದನಿಯಲ್ಲೇ ದಾಖಲಿಸಬೇಕು. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ನಿಮ್ಮ ಮಾತು ಕೇಳಿ ಯಂತ್ರ ಬರೆಯಲು ಕಲಿಯಬಹುದೇ? ನಿಮ್ಮ ದನಿಯಲ್ಲೇ ಯಂತ್ರ ಮಾತಾಡಬಹುದೇ? ಮೊದಲನೆಯದಕ್ಕೆ ಹೂಂ ಅಂದವರು ಎರಡನೆಯದಕ್ಕೆ ಬೇಡ ಅನ್ನಬಹುದು, ಅವರ ದನಿಯಲ್ಲಿ ಮಗನಿಗೆ ಯಾರೋ ಫೋನ್ ಮಾಡಿ ದುಡ್ಡು ಕೇಳುವ ಕಾಲವಿದು.

ಇನ್ನೂ ಒಂದು ಮಾತನ್ನು ರೆಕಾರ್ಡಿಂಗ್ ಶುರುವಾಗುವ ಮೊದಲೇ ಹೇಳಬೇಕು. ಮುಂದೆ ಅವರು ಬೇಡ ಅಂದರೆ ಅವರ ಸಂಖ್ಯೆ ಹುಡುಕಿ, ನಮ್ಮಲ್ಲಿರುವ ತುಣುಕುಗಳನ್ನೆಲ್ಲ ಅಳಿಸಿ, ಮುಂದಿನ ಆವೃತ್ತಿಯಿಂದ ಬಿಡಬಹುದು. ಆದರೆ ಸಂಗ್ರಹವನ್ನು ಒಮ್ಮೆ ಎಲ್ಲರಿಗೂ ತೆರೆದಿಟ್ಟ ಮೇಲೆ ಬೇರೆಯವರು ಇಳಿಸಿಕೊಂಡ ಪ್ರತಿಗಳನ್ನು ವಾಪಸ್ ತರಲು ಯಾರಿಂದಲೂ ಆಗುವುದಿಲ್ಲ. "ಅಜ್ಜೀ, ಇವತ್ತು ಕೊಟ್ಟ ದನೀನ ನಾಳೆ ಪೂರ್ತಿ ವಾಪಸ್ ಕೊಡೋಕೆ ನಮ್ ಕೈಲಾಗಲ್ಲ, ಯೋಚ್ನೆ ಮಾಡಿ ಹೇಳಿ" ಎಂದು ಹೇಳಿ, ಮನೆಯವರ ಜೊತೆ ಮಾತಾಡಿಕೊಳ್ಳಲು ಅವರಿಗೆ ಸಮಯ ಬಿಟ್ಟು, ಆಮೇಲೆ ಗುಂಡಿ ಒತ್ತಬೇಕು.

ನಮಸ್ಕಾರ.