ಒಂದೇ ಕಪ್ಪು ಕಲೆ, ಎರಡು ಎಕ್ಸ್‌ರೇ

ಎಲ್ಲರಿಗೂ ನಮಸ್ಕಾರ. ಹಲ್ಲಿನ ಬೇರು ಕರಗುವ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನೇ ಎಡವಲಿದ್ದ ಒಂದು ಹಲ್ಲಿನ ಕಥೆ ಹೇಳುತ್ತೇನೆ.

ಮುಂಬೈಯ ಮಾಟುಂಗಾದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವ ಹುಡುಗ, ಊರು ಕುಂದಾಪುರ ಕಡೆ. "ಡಾಕ್ಟ್ರೇ, ನೋವು ಏನೂ ಇಲ್ಲ. ಹಲ್ಲು ಮಾತ್ರ ಗುಲಾಬಿ ಕಾಣ್ತದೆ" ಅಂದ. ಮೇಲಿನ ಮುಂದಿನ ಹಲ್ಲು, ವಸಡಿನ ಅಂಚಿನಲ್ಲಿ ಗುಲಾಬಿ ಚುಕ್ಕೆ. ಹಲ್ಲನ್ನು ತಿನ್ನುತ್ತಿರುವ ಭಾಗದಲ್ಲಿ ರಕ್ತನಾಳ ತುಂಬಿದ ಅಂಗಾಂಶ ಬೆಳೆದಿರುತ್ತದೆ. ಅದು ತೆಳುವಾದ ಎನಾಮೆಲ್ ಮೂಲಕ ಹಾಗೆ ಕಾಣುತ್ತದೆ.

ಎಕ್ಸ್‌ರೇಯಲ್ಲಿ ನರದ ಕಾಲುವೆಯ ಮೇಲೇ ಒಂದು ಕಪ್ಪು ಕಲೆ. ಗುಲಾಬಿ ಚುಕ್ಕೆ ಅಂದ್ರೆ ಒಳಗಿನಿಂದ ಕರಗುತ್ತಿದೆ ಅಂತ ಕಾಲೇಜಿನಲ್ಲಿ ಕಲಿತದ್ದು ತಲೆಗೆ ಬಂತು. ರೂಟ್ ಕೆನಾಲ್ ಶುರು ಮಾಡೋಣ ಅಂತ ಬಾಯಿ ತುದಿಗೇ ಬಂದಿತ್ತು.

ಆದರೆ ಫಿಲ್ಮನ್ನು ಇನ್ನೊಮ್ಮೆ ನೋಡಿದೆ. ಒಳಗಿನಿಂದ ಕರಗಿದರೆ ಕಾಲುವೆ ಹಾವು ಇಲಿ ನುಂಗಿದ ಹಾಗೆ ನಡುವೆ ಉಬ್ಬಿರುತ್ತದೆ. ಉಬ್ಬಿನ ಅಂಚು ನಯ, ಅದರೊಳಗೆ ಕಾಲುವೆಯ ಗೆರೆ ಕಾಣುವುದಿಲ್ಲ. ಇಲ್ಲಿ ಕಪ್ಪಿನ ಅಂಚು ಒರಟು, ಅದರ ಮೂಲಕ ಕಾಲುವೆಯ ಎರಡೂ ಗೆರೆ ಸರಿಯಾಗಿಯೇ ಹಾದುಹೋಗಿದ್ದವು. ಟ್ಯೂಬನ್ನು ಸುಮಾರು 20 ಡಿಗ್ರಿ ಪಕ್ಕಕ್ಕೆ ಸರಿಸಿ ಇನ್ನೊಂದು ಎಕ್ಸ್‌ರೇ ತೆಗೆದೆ. ಒಳಗಿನದಾಗಿದ್ದರೆ ಕಲೆ ಕಾಲುವೆಗೇ ಅಂಟಿಕೊಂಡಿರಬೇಕಿತ್ತು. ಅದು ಟ್ಯೂಬ್ ಹೋದ ಕಡೆಗೇ ಸರಿದಿತ್ತು. ಅಂದ್ರೆ ಕರಗುತ್ತಿರುವುದು ಹೊರಗಿನಿಂದ, ಅದೂ ಅಂಗುಳದ ಕಡೆಯಿಂದ. ಸರಿದದ್ದು ಎದುರು ದಿಕ್ಕಿಗಾದರೆ ತುಟಿಯ ಕಡೆ.

ತಣ್ಣಗಿನ ಪರೀಕ್ಷೆಗೆ ಹಲ್ಲು ಚುರುಕಾಗಿಯೇ ಸ್ಪಂದಿಸಿತು, ನರ ಜೀವಂತ. ವಸಡಿನಡಿ ಪ್ರೋಬ್ ಹಾಕಿದರೆ ರಕ್ತ ಬಂತು, ತಳ ಮಾತ್ರ ಗಟ್ಟಿ. ಹುಳುಕಾದರೆ ಮೆತ್ತಗಿರುತ್ತದೆ, ಅಲ್ವಾ? ಕಾಲೇಜಿನಲ್ಲಿದ್ದಾಗ ಕ್ಲಿಪ್ ಹಾಕಿಸಿದ್ದೆ ಅಂತ ಆಮೇಲೆ ಹೇಳಿದ. ಈ ತೊಂದರೆಯ ಹಿಂದೆ ಅದು ಎಷ್ಟೋ ಸಲ ಇರುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಗುಂಡಿಯ ಆಳ ಸಿಗುವುದಿಲ್ಲ, ಹಾಗಾಗಿ ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿದೆ. ಗುಂಡಿ ನರದ ಹತ್ತಿರ ಬಂದಿತ್ತು, ಒಳಹೊಕ್ಕಿರಲಿಲ್ಲ.

ಮರಗಟ್ಟಿಸಿ ವಸಡನ್ನು ಬಿಡಿಸಿದೆ. ಆ ಅಂಗಾಂಶವನ್ನೆಲ್ಲ ಕೆರೆದು ತೆಗೆದೆ. ಸುತ್ತಲಿನ ವಸಡಿಗೆ ಗ್ಲಿಸರಾಲ್ ಸವರಿ, 90% ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು ಚಿಕ್ಕ ಹತ್ತಿಯಲ್ಲಿ ಗುಂಡಿಗೆ ಮುಟ್ಟಿಸಿದೆ. ಕೆರೆದರೂ ಸಿಗದ ಸಣ್ಣ ಎಳೆಗಳು ಅದರಿಂದ ಸಾಯುತ್ತವೆ. ಒಂದು ಎಳೆ ಉಳಿದರೂ ಮತ್ತೆ ಶುರುವಾಗುತ್ತದೆ. ಕೊನೆಗೆ ಗ್ಲಾಸ್ ಅಯೋನಮರ್ ತುಂಬಿದೆ. ರೂಟ್ ಕೆನಾಲ್ ಬೇಕಾಗಲಿಲ್ಲ.

ನಿಜವಾಗಿ ಒಳಗಿನದೇ ಆಗಿದ್ದರೆ ರೂಟ್ ಕೆನಾಲ್ ತಡಮಾಡುವಂತಿಲ್ಲ. ಕರಗಿಸುವ ಜೀವಕೋಶಗಳಿಗೆ ರಕ್ತ ಬರುವುದು ಆ ನರದಿಂದಲೇ, ಅದನ್ನು ತೆಗೆದರೆ ಕರಗುವುದು ನಿಲ್ಲುತ್ತದೆ. ಉಬ್ಬಿನ ಗೋಡೆಗೆ ಕಾಲುವೆ ಕೆರೆಯುವ ಫೈಲ್ ತಾಗುವುದಿಲ್ಲ, ಹೈಪೋಕ್ಲೋರೈಟನ್ನು ಅಲ್ಟ್ರಾಸೋನಿಕ್‌ನಿಂದ ಕದಡಿ ತೊಳೆದು, ರಬ್ಬರಿನಂಥ ಗಟ್ಟಾಪರ್ಚಾವನ್ನು ಬಿಸಿ ಮಾಡಿ ತುಂಬಬೇಕು. ಬೇರು ತೂತಾಗಿದ್ದರೆ ಆ ಜಾಗಕ್ಕೆ ಎಂಟಿಎ ಅನ್ನುವ ಸಿಮೆಂಟ್.

ಏಟು ಬಿದ್ದು ಬೇರು ಎಲುಬಿಗೇ ಅಂಟಿ ಕರಗುತ್ತಿದ್ದರೆ, ತಟ್ಟಿದಾಗ ಟಣ್ ಅನ್ನುತ್ತದೆ. ಅದನ್ನು ನಿಲ್ಲಿಸುವ ಔಷಧಿ ನಮ್ಮ ಹತ್ತಿರ ಇಲ್ಲ.

ಆ ಹುಡುಗ ಈಗ ವರ್ಷಕ್ಕೊಮ್ಮೆ ಬರುತ್ತಾನೆ. ತುಂಬಿದ ಅಂಚಿನ ಆಚೆ ಹೊಸ ಕಪ್ಪು ಬಂದಿದೆಯಾ ಅಂತ ಹಳೆಯ ಫಿಲ್ಮ್ ಪಕ್ಕದಲ್ಲಿಟ್ಟು ನೋಡುತ್ತೇನೆ.