ಕೊರಿಯಾದಲ್ಲಿ ಬರ್ತ್‌ಡೇ ವಿಶ್ ಮಾಡೋಕೂ ಹುಟ್ಟಿದ ವರ್ಷ ಗೊತ್ತಿರ್ಬೇಕು

ಇಲ್ಲಿ ಬೇಕರೀಲಿ ಕೇಕ್ ತಗೊಂಡ್ರೆ ಕ್ಯಾಂಡಲ್ ಎಷ್ಟು ಕೊಡ್ಲಿ ಅಂತ ಕೇಳ್ತಾರೆ, ಉದ್ದದ್ದು ಒಂದಕ್ಕೆ ಹತ್ತು ವರ್ಷ, ಗಿಡ್ಡದ್ದಕ್ಕೆ ಒಂದು. ಸಿಂಪಲ್ ಪ್ರಶ್ನೆ, ಆದ್ರೆ ಕೊರಿಯಾದವ್ರಿಗೆ ಉತ್ತರ ಎರಡಿರತ್ತೆ.

ಹಳೇ ಲೆಕ್ಕದಲ್ಲಿ ಮಗು ಹುಟ್ಟಿದ ತಕ್ಷಣ ಒಂದು ವರ್ಷ, ಆಮೇಲೆ ಜನವರಿ 1 ಬಂದ್ರೆ ಎಲ್ರಿಗೂ ಒಟ್ಟಿಗೇ ಒಂದೊಂದು ಜಾಸ್ತಿ. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸು ಮಾರನೇ ದಿನ ಎರಡು ವರ್ಷದ್ದು! ನಮ್ಮಲ್ಲಿ ಐದು ತುಂಬಿ ಆರು ನಡೀತಿದೆ ಅಂತೀವಲ್ಲ, ಅವ್ರು ಆ ನಡೀತಿರೋದನ್ನೇ ಎಣಿಸ್ತಾರೆ, ಅದೂ ಏರೋದು ಜನವರಿ 1ಕ್ಕೇ, ಹಂಗಾಗಿ ಬರ್ತ್‌ಡೇ ದಿನ ವಯಸ್ಸೇನೂ ಏರಲ್ಲ.

2023ರ ಜೂನ್ 28ರಿಂದ ಸರ್ಕಾರಿ ಕಾಗದಪತ್ರಕ್ಕೆಲ್ಲ ತುಂಬಿದ ವಯಸ್ಸೇ ಅಂತ ಕಾನೂನು ಆಯ್ತು. ಆದ್ರೆ ಮಾತಲ್ಲಿ ಕೊಡೋ ಮರ್ಯಾದೆ ಈಗ್ಲೂ ಹುಟ್ಟಿದ ವರ್ಷ ನೋಡಿಯೇ. ಒಬ್ಳು 2004 ಡಿಸೆಂಬರ್ 20, ಇನ್ನೊಬ್ಳು 2005 ಜನವರಿ 5 ಅಂತಿಟ್ಕೊಳ್ಳಿ. ನಡುವೆ ಇರೋದು ಹದಿನಾರೇ ದಿನ, ಕಾನೂನಿನ ಪ್ರಕಾರ ವರ್ಷದಲ್ಲಿ ಹನ್ನೊಂದು ತಿಂಗಳ ಮೇಲೆ ಇಬ್ರಿಗೂ ಒಂದೇ ವಯಸ್ಸು, ಆದ್ರೂ ಮೊದಲನೆಯವ್ಳು ಎರಡನೆಯವ್ಳಿಗೆ ಒನ್ನಿ, ಅಂದ್ರೆ ಅಕ್ಕ. ಚಿಕ್ಕೋಳು ವಿಶ್ ಮಾಡೋವಾಗ "ಒನ್ನಿ, ಸೇಂಗಿಲ್ ಚುಖಾಹೆಯೊ" ಅಂತಾಳೆ, ದೊಡ್ಡೋಳು ಮರ್ಯಾದೆಯ ಆ ಕೊನೆಯ ಯೊ ಬಿಟ್ಟು ಬರೀ "ಚುಖಾಹೆ" ಅಂದು ಹೆಸರು ಹಿಡಿದು ಕರೀತಾಳೆ. ಸಲಿಗೆ ಬೆಳೆದ್ಮೇಲೆ ಚಿಕ್ಕೋಳೂ ಯೊ ಬಿಡಬಹುದು, ಒನ್ನಿ ಅನ್ನೋದು ಮಾತ್ರ ಬಿಡಲ್ಲ.

ಇದ್ರಲ್ಲೂ ಒಂದು ಗೋಜಲಿದೆ. 2002 ಅಥವಾ ಅದಕ್ಕೂ ಮೊದಲಿನ ವರ್ಷಗಳ ಜನವರಿ-ಫೆಬ್ರವರೀಲಿ ಹುಟ್ಟಿದವ್ರು ಹಿಂದಿನ ವರ್ಷದವ್ರ ಜೊತೆ ಶಾಲೆಗೆ ಸೇರ್ತಿದ್ರು, ಕ್ಲಾಸ್‌ಮೇಟ್ ಅಂದ್ರೆ ಸಮಾನ, ಹಂಗಾಗಿ ಅಕ್ಕ ಅನ್ನಲ್ಲ. ಅಂಥ ಜನವರಿ-ಫೆಬ್ರವರಿ ಹುಡುಗಿ ಆಫೀಸ್‌ಗೆ ಬಂದಾಗ ಹುಟ್ಟಿದ ವರ್ಷದ ಲೆಕ್ಕದ ಗೆಳತಿಯರು ಬೇರೆ ಸಿಗ್ತಾರೆ, ಅವ್ಳು, ಕ್ಲಾಸ್‌ಮೇಟ್, ಈ ಆಫೀಸ್ ಗೆಳತಿ ಮೂವರೂ ಒಂದೇ ಟೇಬಲ್‌ಗೆ ಕೂತ್ರೆ ಯಾರು ಯಾರಿಗೆ ಅಕ್ಕ ಅಂತ ತಲೆ ಕೆಡತ್ತೆ.

ಇವತ್ತಿನ ಕೇಕ್ ನಮ್ಮ ಮನೆ ಓನರ್ ಅಂಕಲ್‌ಗೆ, ಹ್ವಾನ್‌ಗಪ್, ಅರವತ್ತು ವರ್ಷದ ಚಕ್ರ ಒಂದು ಸುತ್ತು ಮುಗಿದು ಹುಟ್ಟಿದ ವರ್ಷದ ಹೆಸರೇ ಮತ್ತೆ ಬಂದಿರೋದು. ನಮ್ಮ ಪ್ರಭವ, ವಿಭವ ಸಂವತ್ಸರಗಳ ಚಕ್ರಾನೂ ಅರವತ್ತೇ ಅಲ್ವಾ, ಷಷ್ಟಿಪೂರ್ತಿ ನೆನಪಾಗಿ ಖುಷಿಯಾಯ್ತು. ತುಂಬಿದ್ದು 60, ಹಳೇ ಲೆಕ್ಕದಲ್ಲಿ 61. ಕ್ಯಾಂಡಲ್ ಉದ್ದದ್ದು ಆರು ತಗೊಂಡೆ. ಹಿರಿಯರ ಬರ್ತ್‌ಡೇನ ಸೇಂಗಿಲ್ ಅನ್ನಂಗಿಲ್ಲ, ಸೇಂಗ್‌ಶಿನ್ ಅನ್ಬೇಕು, "ಸೇಂಗ್‌ಶಿನ್ ಚುಖಾದುರಿಮ್ನಿದಾ" ಅಂತ ತಲೆ ಬಾಗ್ಸಿ ಎರಡೂ ಕೈಯಲ್ಲಿ ಗಿಫ್ಟ್ ಕೊಡೋದು. ವಯಸ್ಸಾದವ್ರು ಎಷ್ಟೋ ಜನ ಬರ್ತ್‌ಡೇನ ಚಾಂದ್ರಮಾನದ ತಾರೀಕಿಗೆ ಮಾಡ್ತಾರೆ, ಪ್ರತಿ ವರ್ಷ ಕ್ಯಾಲೆಂಡರ್‌ನಲ್ಲಿ ಜಾಗ ಬದಲಾಗತ್ತೆ, ಅದಕ್ಕೆ ಫೋನ್ ರಿಮೈಂಡರ್ ನಂಬದೆ ಅವ್ರ ಮಗಳನ್ನೇ ಕೇಳಿಕೊಂಡು ಕೇಕ್ ಹೇಳಿದ್ದು.