70 ದೊಡ್ಡದೋ, 64 ದೊಡ್ಡದೋ?

ಒಬ್ಬ ಹುಡುಗಿಗೆ ಗಣಿತದಲ್ಲಿ 70 ಬಂದಿದೆ, ಭಾಷೆಯಲ್ಲಿ 64. ಎರಡೂ ನೂರಕ್ಕೆ. ಅಂಕಪಟ್ಟಿ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಗಣಿತ ಪರವಾಗಿಲ್ಲ, ಭಾಷೆಗೆ ಇನ್ನೂ ಸ್ವಲ್ಪ ಓದಬೇಕಿತ್ತು. ಈ ಮಾತು ತಲೆಕೆಳಗಾಗಿದೆ ಅಂತ ನಾನು ಹೇಳುತ್ತೇನೆ. ಸುಮ್ನೆ ಹೇಳುವುದಿಲ್ಲ, ಲೆಕ್ಕ ಹಾಕಿ ತೋರಿಸುತ್ತೇನೆ. ಪೆನ್ನು, ಹಾಳೆ ಇದ್ದರೆ ತೆಗೆದುಕೊಳ್ಳಿ.

ಲೆಕ್ಕ ಚಿಕ್ಕದಾಗಿರಲಿ ಅಂತ ತರಗತಿಯಲ್ಲಿ ಐದೇ ಜನ ಇದ್ದಾರೆ ಅಂದುಕೊಳ್ಳೋಣ. ಐವರೂ ಎರಡೂ ಪರೀಕ್ಷೆ ಬರೆದಿದ್ದಾರೆ. ಗಣಿತದ ಅಂಕಗಳು 78, 70, 62, 46, 34. ಭಾಷೆಯ ಅಂಕಗಳು 64, 58, 55, 52, 46. ಗಣಿತದ ಸರಾಸರಿ 58, ಭಾಷೆಯ ಸರಾಸರಿ 55.

ಸ್ವಲ್ಪ ವಿಚಾರ ಮಾಡುವವರು ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬರೀ ಅಂಕ ನೋಡಬಾರದು, ಸರಾಸರಿಗಿಂತ ಎಷ್ಟು ಮೇಲಿದ್ದಾಳೆ ನೋಡಬೇಕು ಅನ್ನುತ್ತಾರೆ. ಸರಿಯಾದ ಮಾತು. ನಮ್ಮ ಹುಡುಗಿ ಗಣಿತದಲ್ಲಿ ಸರಾಸರಿಗಿಂತ 12 ಅಂಕ ಮೇಲೆ, ಭಾಷೆಯಲ್ಲಿ 9 ಅಂಕ ಮೇಲೆ. ಹೀಗೆ ನೋಡಿದರೂ ಗಣಿತವೇ ಗೆದ್ದಿತು, ಅಲ್ವಾ? ಜಾಸ್ತಿ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಬೇಸರ ಆಗುವುದು ಇದಕ್ಕೇ. ಅರ್ಧ ದಾರಿ ಬಂದಿದ್ದಾರೆ, ಆದರೆ ತಪ್ಪು ಉತ್ತರ ಇನ್ನಷ್ಟು ಗಟ್ಟಿಯಾಗಿದೆ.

ಈಗ ಆ ಎರಡು ಸಾಲು ಅಂಕಗಳನ್ನು ಇನ್ನೊಮ್ಮೆ ನೋಡಿ. ಗಣಿತದಲ್ಲಿ 34ರಿಂದ 78ರವರೆಗೆ ಹರಡಿಕೊಂಡಿದ್ದಾರೆ. ಅಲ್ಲಿ 12 ಅಂಕ ಮೇಲಿರುವುದು ದೊಡ್ಡ ವಿಷಯ ಅಲ್ಲ. ಒಬ್ಬ ಹುಡುಗ 20 ಅಂಕ ಮೇಲಿದ್ದಾನೆ, ಇನ್ನೊಬ್ಬರು 24 ಅಂಕ ಕೆಳಗಿದ್ದಾರೆ. ಭಾಷೆಯಲ್ಲಿ ಹಾಗಲ್ಲ. ಎಲ್ಲರೂ ಒಂದೇ ಕಡೆ ಗುಂಪುಗೂಡಿದ್ದಾರೆ. ಅವಳನ್ನು ಬಿಟ್ಟರೆ ಸರಾಸರಿಗಿಂತ 3 ಅಂಕಕ್ಕಿಂತ ಮೇಲೆ ಯಾರೂ ಹೋಗಿಲ್ಲ. ಇವಳು 9 ಅಂಕ ಮೇಲೆ ಒಬ್ಬಳೇ ನಿಂತಿದ್ದಾಳೆ. ಹಾಗಾದರೆ ಆ 9 ಮತ್ತು ಈ 12 ಒಂದೇ ಅಳತೆಗೋಲಿನ ಅಂಕಗಳಲ್ಲ.

ಆ ಅಳತೆಗೋಲನ್ನು ಕಂಡುಹಿಡಿಯುವುದಕ್ಕೇ ಮಾನಕ ವಿಚಲನೆ ಇರುವುದು. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಕೇಳಿರುತ್ತೀರಿ, ಅದೇ. ಭಾಷೆಯದನ್ನು ಕೈಯಲ್ಲೇ ಮಾಡೋಣ. ಪ್ರತಿ ಅಂಕದಿಂದ ಸರಾಸರಿ 55 ಕಳೆಯಿರಿ. 9, 3, 0, ಮೈನಸ್ 3, ಮೈನಸ್ 9 ಬರುತ್ತದೆ. ಇವನ್ನು ಹಾಗೇ ಕೂಡಿಸಿದರೆ ಸೊನ್ನೆ, ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದೊಂದನ್ನೂ ವರ್ಗ ಮಾಡುತ್ತೇವೆ: 81, 9, 0, 9, 81. ಮೊತ್ತ 180. ಐದು ಜನಕ್ಕೆ ಭಾಗಿಸಿದರೆ 36. ಅದರ ವರ್ಗಮೂಲ 6. ಭಾಷೆಯ ಹರಡಿಕೆ 6 ಅಂಕ. ಗಣಿತಕ್ಕೂ ಹೀಗೇ ಮಾಡಿದರೆ ವರ್ಗಗಳ ಮೊತ್ತ 1280, ಐದರಿಂದ ಭಾಗಿಸಿದರೆ 256, ವರ್ಗಮೂಲ 16.

ಇನ್ನು ಉಳಿದಿದ್ದು ಒಂದೇ ಭಾಗಾಕಾರ. ಸರಾಸರಿಗಿಂತ ಎಷ್ಟು ಮೇಲೆ ಅನ್ನುವುದನ್ನು ಹರಡಿಕೆಯಿಂದ ಭಾಗಿಸಿ. ಬಂದದ್ದೇ ಝಡ್ ಸ್ಕೋರ್. ಗಣಿತದಲ್ಲಿ 12 ಭಾಗಿಸು 16, ಅಂದರೆ 0.75. ಭಾಷೆಯಲ್ಲಿ 9 ಭಾಗಿಸು 6, ಅಂದರೆ 1.5. ತನ್ನ ತರಗತಿಯ ನಡುವೆ ಅವಳು ಭಾಷೆಯಲ್ಲಿ ಎರಡು ಪಟ್ಟು ಮುಂದಿದ್ದಾಳೆ. 'ಇನ್ನೂ ಓದಬೇಕಿತ್ತು' ಅನ್ನಿಸಿಕೊಂಡ ವಿಷಯದಲ್ಲೇ ಅವಳು ಎಲ್ಲರಿಗಿಂತ ಮುಂದೆ.

ಈಗ ಇದಕ್ಕಿಂತ ಗಂಭೀರವಾದ ಜಾಗಕ್ಕೆ ಬರುತ್ತೇನೆ. ರ್‍ಯಾಂಕ್ ಕೊಡುವಾಗ ನಾವು ಎರಡೂ ಅಂಕಗಳನ್ನು ನೇರವಾಗಿ ಕೂಡಿಸುತ್ತೇವೆ. ಇವಳ ಮೊತ್ತ 134. ಗಣಿತದಲ್ಲಿ 78 ತೆಗೆದ ಹುಡುಗನಿಗೆ ಭಾಷೆಯಲ್ಲಿ 58 ಬಂದಿದೆ ಅನ್ನಿ, ಅವನ ಮೊತ್ತ 136. ಅವನು ಮೊದಲು, ಇವಳು ಎರಡನೆಯವಳು. ಆದರೆ ಝಡ್ ಸ್ಕೋರ್ ಕೂಡಿಸಿ ನೋಡಿ. ಅವನದು ಗಣಿತದಲ್ಲಿ 1.25, ಭಾಷೆಯಲ್ಲಿ 0.5, ಒಟ್ಟು 1.75. ಇವಳದು 0.75 ಮತ್ತು 1.5, ಒಟ್ಟು 2.25. ಕ್ರಮವೇ ಬದಲಾಯಿತು.

ಇದು ಹೇಗಾಯಿತು? ಗಣಿತದಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ 16 ಅಂಕ ಸಿಗುತ್ತದೆ. ಭಾಷೆಯಲ್ಲಿ ಅಷ್ಟೇ ದೊಡ್ಡ ಹೆಜ್ಜೆಗೆ 6 ಅಂಕ. ಕೂಡಿಸುವಾಗ ಹರಡಿಕೆ ಜಾಸ್ತಿ ಇರುವ ವಿಷಯವೇ ರ್‍ಯಾಂಕನ್ನು ತೀರ್ಮಾನ ಮಾಡುತ್ತದೆ. ಎರಡಕ್ಕೂ ನೂರು ನೂರು ಅಂಕ ಇಟ್ಟಿದ್ದೇವೆ, ಸಮನಾಗಿ ನೋಡುತ್ತಿದ್ದೇವೆ ಅಂತ ಹೇಳುವವರು ನಿಜವಾಗಿ ಸಮನಾಗಿ ನೋಡುತ್ತಿಲ್ಲ. ಅವರಿಗೇ ಅದು ಗೊತ್ತಿರುವುದಿಲ್ಲ.

ಇದಕ್ಕೆ ಒಂದು ವಾದ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಗಣಿತದಲ್ಲಿ ಮಕ್ಕಳ ನಡುವೆ ನಿಜವಾಗಿಯೂ ದೊಡ್ಡ ವ್ಯತ್ಯಾಸ ಇದೆ, ಅದು ಮೊತ್ತದಲ್ಲಿ ಕಾಣಬೇಡವೇ ಅಂತ ಕೇಳುತ್ತಾರೆ. ಕಾಣಲಿ. ಆದರೆ ಆಗ ಗಣಿತಕ್ಕೆ ಇಷ್ಟು ತೂಕ, ಭಾಷೆಗೆ ಇಷ್ಟು ತೂಕ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಪ್ರಶ್ನೆಪತ್ರಿಕೆ ಹೇಗೆ ಬಂತು, ಮೌಲ್ಯಮಾಪಕರು ಎಷ್ಟು ಧಾರಾಳ ತೋರಿದರು ಅನ್ನುವುದಕ್ಕೆ ಆ ತೀರ್ಮಾನವನ್ನು ಬಿಡಬೇಡಿ. ಭಾಷೆಯ ಉತ್ತರಕ್ಕೆ ಅಂಕ ಹಾಕುವವರು ತೀರಾ ಕಡಿಮೆಯೂ ಕೊಡದೆ, ತೀರಾ ಜಾಸ್ತಿಯೂ ಕೊಡದೆ ನಡುವೆಯೇ ಓಡಾಡಿದರೆ ಹರಡಿಕೆ ತಾನಾಗಿ ಕುಗ್ಗುತ್ತದೆ. ಅದು ಮಕ್ಕಳ ಗುಣ ಅಲ್ಲ, ಅಂಕ ಹಾಕಿದ ರೀತಿ.

ಇಷ್ಟು ಕೇಳಿ ಯಾರಾದರೂ ಇವತ್ತೇ ತಮ್ಮ ತರಗತಿಯ ಅಂಕಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಬಹುದು. ಹಾಕಿ. ಸೂತ್ರ ಇಷ್ಟೇ, ಅಂಕಗಳು B2ರಿಂದ B6ರವರೆಗೆ ಇದ್ದರೆ:

```
=(B2-AVERAGE(B$2:B$6))/STDEV.P(B$2:B$6)
```

ಇಲ್ಲಿ STDEV.P ಅಂತಲೇ ಹಾಕಿದ್ದೇನೆ, ಯಾಕೆಂದರೆ ನಮ್ಮ ಗುಂಪು ಈ ಐವರೇ, ಪೂರ್ತಿ. STDEV.S ಹಾಕಿದರೆ ಅದು ಐದರ ಬದಲು ನಾಲ್ಕರಿಂದ ಭಾಗಿಸುತ್ತದೆ. ಆಗ 1.5 ಇದ್ದದ್ದು ಸುಮಾರು 1.34 ಆಗುತ್ತದೆ. ಒಂದು ವಿಷಯಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಾಕಿ ಹೋಲಿಸಬೇಡಿ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ. ಆರನೇ ವಿದ್ಯಾರ್ಥಿ ಭಾಷೆಯ ಪರೀಕ್ಷೆಗೆ ಬರಲಿಲ್ಲ, ಅಂಕದ ಜಾಗದಲ್ಲಿ ಸೊನ್ನೆ ಬರೆದರು ಅನ್ನಿ. ಸರಾಸರಿ 55ರಿಂದ 46ರ ಹತ್ತಿರ ಇಳಿಯುತ್ತದೆ. ಅದಿರಲಿ, ಹರಡಿಕೆ 6 ಇದ್ದದ್ದು 21 ದಾಟುತ್ತದೆ. ನಮ್ಮ ಹುಡುಗಿಯ 1.5 ಕುಸಿದು 0.86 ಆಗುತ್ತದೆ. ಅವಳ ಉತ್ತರಪತ್ರಿಕೆಯಲ್ಲಿ ಒಂದಕ್ಷರ ಬದಲಾಗಿಲ್ಲ. ವರ್ಗ ಮಾಡುವ ಲೆಕ್ಕ ಅಲ್ವಾ, ದೂರ ಬಿದ್ದಿರುವ ಒಂದೇ ಅಂಕ ಎಲ್ಲವನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಗೈರುಹಾಜರಾದವರ ಅಂಕದ ಜಾಗವನ್ನು ಖಾಲಿ ಬಿಡಿ. ಸರಾಸರಿ, ಹರಡಿಕೆ ಕಂಡುಹಿಡಿಯುವಾಗ ಖಾಲಿ ಜಾಗವನ್ನು ಸ್ಪ್ರೆಡ್‌ಶೀಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. ಯಾವುದೇ ವಿಷಯದ ಹರಡಿಕೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡರೆ ಮೊದಲು ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಕೆಳಗಿನ ತುದಿ ನೋಡಿ.

ಮೇಲಿನ ತುದಿಯಲ್ಲೂ ಒಂದು ತೊಂದರೆ ಇದೆ. ತುಂಬಾ ಸುಲಭದ ಪರೀಕ್ಷೆ, ಸರಾಸರಿ 92, ಹರಡಿಕೆ 8 ಅಂತ ಇಟ್ಟುಕೊಳ್ಳಿ. ನೂರಕ್ಕೆ ನೂರು ತೆಗೆದವರಿಗೂ ಝಡ್ ಸ್ಕೋರ್ 1 ಮಾತ್ರ. ಅದಕ್ಕಿಂತ ಮೇಲೆ ಹೋಗಲು ಆ ಪರೀಕ್ಷೆಯಲ್ಲಿ ಜಾಗವೇ ಇಲ್ಲ. ಸರಾಸರಿ 40, ಹರಡಿಕೆ 15 ಇರುವ ಕಷ್ಟದ ಪರೀಕ್ಷೆಯಲ್ಲಿ 70 ತೆಗೆದವರಿಗೆ 2 ಬರುತ್ತದೆ. ಪೂರ್ತಿ ಅಂಕ ತೆಗೆದ ಮಗು ಹಿಂದೆ ಬಿತ್ತು ಅಂತ ಇದನ್ನು ಓದಬಾರದು. ಆ ಮಗು ಇನ್ನೆಷ್ಟು ಮೇಲೆ ಹೋಗುತ್ತಿತ್ತು ಅನ್ನುವುದನ್ನು ಆ ಪರೀಕ್ಷೆ ಅಳೆಯಲೇ ಇಲ್ಲ. ತುಂಬಾ ಜನ ನೂರರ ಹತ್ತಿರ ಒತ್ತಿಕೊಂಡು ನಿಂತಿದ್ದರೆ ಅಲ್ಲಿ ಝಡ್ ಸ್ಕೋರನ್ನು ನಾನು ನಂಬುವುದಿಲ್ಲ.

ಕೊನೆಗೆ, ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ನಮ್ಮ ಹುಡುಗಿಯ 0.75 ಮತ್ತು 1.5 ಅನ್ನು ಅಕ್ಕಪಕ್ಕ ಇಟ್ಟು ನೋಡಲು ಆಗಿದ್ದು ಎರಡೂ ಪರೀಕ್ಷೆಯನ್ನು ಅದೇ ಐವರು ಬರೆದಿದ್ದರಿಂದ. ಝಡ್ ಸ್ಕೋರ್ ಹೇಳುವುದು ತನ್ನ ಗುಂಪಿನೊಳಗಿನ ಜಾಗ ಮಾತ್ರ. ಗುಂಪು ಎಂಥದ್ದು ಅಂತ ಅದಕ್ಕೆ ಗೊತ್ತಿಲ್ಲ. ಅದೇ ಭಾಷೆಯ ಪ್ರಶ್ನೆಪತ್ರಿಕೆಯನ್ನು ಬೇರೆ ಒಂದು ಬ್ಯಾಚ್ ಬರೆಯಿತು, ಅವರ ಸರಾಸರಿ 72, ಹರಡಿಕೆ 8 ಅನ್ನಿ. ಅಲ್ಲಿಯೂ ಒಬ್ಬಳಿಗೆ 64 ಬಂತು. ಅವಳ ಝಡ್ ಸ್ಕೋರ್ ಮೈನಸ್ 1. ಅದೇ ಪತ್ರಿಕೆ, ಅದೇ ಅಂಕ. ಒಬ್ಬಳಿಗೆ 1.5, ಇನ್ನೊಬ್ಬಳಿಗೆ ಮೈನಸ್ 1. ಇವರಿಬ್ಬರನ್ನು ಹೋಲಿಸಬೇಕಾದರೆ, ಒಂದೇ ರೀತಿ ಅಂಕ ಹಾಕಿದ್ದಾರೆ ಅಂತ ಖಾತ್ರಿ ಇದ್ದರೆ, 64 ಮತ್ತು 64 ಅಂತ ನೇರವಾಗಿ ನೋಡುವುದೇ ಸರಿ. ಇಲ್ಲಿ ಝಡ್ ಸ್ಕೋರ್ ಹಾಕಿದರೆ ಎರಡನೆಯವಳಿಗೆ ಅನ್ಯಾಯ ಆಗುತ್ತದೆ, ಒಳ್ಳೆಯ ಬ್ಯಾಚಿನಲ್ಲಿ ಇದ್ದದ್ದಕ್ಕೆ.

ಬ್ಯಾಚೂ ಬೇರೆ, ಪ್ರಶ್ನೆಪತ್ರಿಕೆಯೂ ಬೇರೆ ಆದರೆ? ಸರಾಸರಿ ಕಡಿಮೆ ಬಂದದ್ದು ಪತ್ರಿಕೆ ಕಷ್ಟ ಇದ್ದದ್ದಕ್ಕೋ, ಬ್ಯಾಚ್ ಹಿಂದಿದ್ದದ್ದಕ್ಕೋ ಅಂತ ಆ ಅಂಕಗಳಿಂದ ಬೇರ್ಪಡಿಸಲು ಬರುವುದಿಲ್ಲ. ಅದಕ್ಕೇ ಪರೀಕ್ಷೆ ತಯಾರಿಸುವಾಗ ಕೆಲವು ಪ್ರಶ್ನೆಗಳನ್ನು ಎರಡೂ ಪತ್ರಿಕೆಗಳಲ್ಲಿ ಹಾಗೇ ಇಡುವ ಪದ್ಧತಿ ಇದೆ. ಆ ಪ್ರಶ್ನೆಗಳಲ್ಲಿ ಎರಡು ಬ್ಯಾಚ್‌ಗಳೂ ಹೇಗೆ ಮಾಡಿವೆ ಅಂತ ನೋಡಿದರೆ ಬ್ಯಾಚ್‌ಗಳ ನಡುವಿನ ವ್ಯತ್ಯಾಸ ಕಾಣುತ್ತದೆ, ಉಳಿದದ್ದು ಪತ್ರಿಕೆಯದು. ಪರೀಕ್ಷೆ ಮುಗಿದ ಮೇಲೆ ಅದನ್ನು ಸೇರಿಸಲು ಆಗುವುದಿಲ್ಲ, ಪತ್ರಿಕೆ ಬರೆಯುವ ದಿನವೇ ಯೋಚಿಸಿರಬೇಕು.